ಮುಟ್ಟು ನಿಂತ ತಿಂಗಳುಗಳು

ನನಗೆ ಮುಟ್ಟು ಬಾರದೆ ಹೋದ ಮೊದಲ ತಿಂಗಳು, ಸಂಕಷ್ಟಿಯ ಮಾರನೆಯ ದಿನ, ಅತ್ತೆ ಎಂದಿನಂತೆ ಹಿಂದಿನ ಕೋಣೆಯಲ್ಲಿ ಚಾಪೆ ಹಾಸಿಟ್ಟರು. ಪಕ್ಕದಲ್ಲಿ ಒಂದು ತಟ್ಟೆ, ಒಂದು ಲೋಟ, ಮಡಚಿದ ಹೊದಿಕೆ. ನಾನು ಶಾಲೆಯಿಂದ ಬಂದು ಕೈಕಾಲು ತೊಳೆಯಲು ಹಿತ್ತಲಿಗೆ ಹೋದಾಗ ಆ ಕೋಣೆಯ ಬಾಗಿಲು ತೆರೆದಿತ್ತು. ಎಲ್ಲವೂ ಸಿದ್ಧವಾಗಿತ್ತು, ಕೂರಬೇಕಾದವಳು ಮಾತ್ರ ಇರಲಿಲ್ಲ.

ನಮ್ಮದು ಚಾಮರಾಜಪೇಟೆಯ ಹಳೆಯ ಮನೆ. ಮುಂದೆ ನಡುಮನೆ, ಮಧ್ಯೆ ದೇವರ ಮನೆ, ಹಿಂದೆ ಅಡುಗೆಮನೆ, ಅದರಾಚೆ ಎರಡು ಮೆಟ್ಟಿಲು ಇಳಿದರೆ ಒಗೆಯುವ ಕಲ್ಲು. ಕಲ್ಲಿನ ಪಕ್ಕಕ್ಕೆ ಹೆಂಚು ಹೊದಿಸಿದ ಸಣ್ಣ ಕೋಣೆ. ಮನೆಯ ಹೆಂಗಸರು ಮುಟ್ಟಾದರೆ ಮೂರು ದಿನ ಅಲ್ಲಿರುವುದು ವಾಡಿಕೆ. ನಾನು ಮದುವೆಯಾಗಿ ಬಂದಾಗ ಅದರಲ್ಲಿ ಅರ್ಧ ಸಡಿಲವಾಗಿತ್ತು. ಹಗಲು ಶಾಲೆಗೆ ಹೋಗಬಹುದಿತ್ತು. ಮನೆಗೆ ಬಂದ ಮೇಲೆ ಊಟ, ನಿದ್ದೆ ಮಾತ್ರ ಆ ಕೋಣೆಯಲ್ಲಿ. ಅತ್ತೆ ಗದರಿ ಮಾಡಿಸುವವರಲ್ಲ. ಮಾತೇ ಕಡಿಮೆ. ಮಾವ ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಅತ್ತೆ, ನನ್ನ ಗಂಡ, ನಾನು, ಒಂದು ವರ್ಷದ ಮಗಳು. ಇಷ್ಟೇ ಜನ.

ನನ್ನ ಮುಟ್ಟು ಮೊದಲಿನಿಂದಲೂ ಸಂಕಷ್ಟಿಯ ಆಸುಪಾಸಿಗೇ ಬರುತ್ತಿತ್ತು. ಹೆರಿಗೆಯಾಗಿ ಏಳು ತಿಂಗಳಿಗೆ ಮರಳಿ ಶುರುವಾದಾಗಲೂ ಅದೇ ಲೆಕ್ಕ ತಪ್ಪಲಿಲ್ಲ. ನನಗಿಂತ ಮೊದಲು ಅತ್ತೆಗೆ ಅದು ಗೊತ್ತಿರುತ್ತಿತ್ತು. ಹಾಗಾಗಿ ಆ ದಿನ ಚಾಪೆ ಕಂಡಾಗ ನನಗೆ ಮೊದಲು ನಗು ಬಂತು. ಆಮೇಲೆ ತುಸು ಭಯವಾಯಿತು, ಏಕೆಂದರೆ ಅತ್ತೆಗೆ ಗೊತ್ತಿಲ್ಲದ ಒಂದು ಸಂಗತಿ ನನ್ನಲ್ಲಿತ್ತು.

ಮಗಳಿಗೆ ಎಂಟು ತಿಂಗಳಾದಾಗ ನಾನು ನಮ್ಮ ಬಡಾವಣೆಯ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ ಮೂರು ತಿಂಗಳಿಗೊಮ್ಮೆ ಕೊಡುವ ಗರ್ಭನಿರೋಧಕ ಇಂಜೆಕ್ಷನ್ ಹಾಕಿಸಿಕೊಂಡಿದ್ದೆ. ಇನ್ನೊಂದು ಮಗು ಸದ್ಯಕ್ಕೆ ಬೇಡವೆಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು. ದಿನಾ ಮಾತ್ರೆ ನೆನಪಿಟ್ಟುಕೊಳ್ಳುವುದು ನನ್ನಿಂದಾಗದು. ಕಾಪರ್ ಟಿ ಎಂದರೆ ಹೆದರಿಕೆ. ಹಾಲೂಡಿಸುವ ತಾಯಿ ಹಾಕಿಸಿಕೊಂಡರೂ ತೊಂದರೆಯಿಲ್ಲ ಎಂದು ಸಿಸ್ಟರ್ ಹೇಳಿದ್ದರಿಂದ ಇದನ್ನು ಆರಿಸಿಕೊಂಡೆ. ತೋಳಿಗೆ ಸೂಜಿ ಚುಚ್ಚಿ, "ಇಲ್ಲಿ ಉಜ್ಬೇಡಿ, ಬಿಸಿನೀರು ಶಾಖ ಕೊಡ್ಬೇಡಿ" ಎಂದು ಹೇಳಿ, ಮುಂದಿನ ತಾರೀಖು ಬರೆದ ಕಾರ್ಡು ಕೊಟ್ಟರು. ಆಮೇಲೆ ಇನ್ನೊಂದು ಮಾತು ಹೇಳಿದರು.

"ಮೊದಲು ಮುಟ್ಟು ಹೆಚ್ಚುಕಮ್ಮಿ ಆಗುತ್ತೆ. ಒಂದೊಂದ್ ಸಲ ಹತ್ತು ದಿನ ಸ್ವಲ್ಪ ಸ್ವಲ್ಪ ಕಾಣಿಸ್ಕೊಳ್ಳುತ್ತೆ. ಆಮೇಲಾಮೇಲೆ ನಿಂತೇ ಹೋಗ್ಬಹುದು. ಹೆದರ್ಕೋಬೇಡಿ, ಅದ್ರಿಂದ ಏನೂ ಆಗಲ್ಲ."

ನಾನು ಹೂಂ ಎಂದೆ. ಆಗ ಆ ಮಾತು ಕಿವಿಗೆ ಬಿತ್ತೇ ಹೊರತು ಒಳಗೆ ಇಳಿಯಲಿಲ್ಲ.

ಅತ್ತೆಗೆ ಹೇಳುವುದು ಬೇಡವೆಂದವರು ನನ್ನ ಗಂಡ. "ಅಮ್ಮಂಗೆ ಯಾಕೆ ಹೇಳ್ತೀಯಾ, ಸುಮ್ನೆ ತಲೆಗೆ ಹಚ್ಕೋತಾಳೆ," ಎಂದರು. ನನಗೂ ಅದೇ ಸುಲಭವೆನಿಸಿತು.

ಸಿಸ್ಟರ್ ಹೇಳಿದ ಹಾಗೆಯೇ ಆಯಿತು. ಮೊದಲ ಮೂರು ತಿಂಗಳು ಹೊತ್ತಿಲ್ಲ ಗೊತ್ತಿಲ್ಲ. ಒಮ್ಮೆ ಹನ್ನೊಂದು ದಿನ ಕಾಣಿಸಿಕೊಂಡಿತು. ಹನ್ನೊಂದು ದಿನವೂ ನಾನು ಹಿಂದಿನ ಕೋಣೆಯಲ್ಲಿ ಉಂಡೆ. ಅತ್ತೆ ತಟ್ಟೆ ತಂದಿಡುವಾಗ ನನ್ನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡುತ್ತಿದ್ದರು. ಎರಡನೆಯ ಇಂಜೆಕ್ಷನ್ ಆದ ಮೇಲೆ ಒಂದು ತಿಂಗಳು ಎರಡು ದಿನ ಕಲೆಯಷ್ಟೇ ಕಂಡಿತು. ಅದರ ಮುಂದಿನ ತಿಂಗಳು ಏನೂ ಇಲ್ಲ. ಅದೇ ಚಾಪೆ ಕಾದು ಕುಳಿತ ತಿಂಗಳು.

ಆ ಸಂಜೆ ಅತ್ತೆ ಏನಾದರೂ ಕೇಳುತ್ತಾರೆಂದುಕೊಂಡೆ. ಕೇಳಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಹಿತ್ತಲಿಗೆ ಹೋಗಿ ಚಾಪೆ ಸುತ್ತಿ, ತಟ್ಟೆ ಲೋಟಗಳನ್ನು ತೊಳೆದರು. ಯಾರೂ ಊಟ ಮಾಡದ ತಟ್ಟೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿ ತೊಳೆದು ಬೋರಲು ಹಾಕಿದ್ದನ್ನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಮಾರನೆಯ ದಿನವೂ ಹಾಸಿದರು. ಮೂರನೆಯ ದಿನವೂ ಹಾಸಿದರು. ನಾಲ್ಕನೆಯ ದಿನ ಹೊದಿಕೆಯನ್ನು ನೆನೆಹಾಕಿ ಒಗೆದು ಒಣಗಿಸಿದರು. ಒಬ್ಬಳು ಮೂರು ದಿನ ಅಲ್ಲಿದ್ದು ಎದ್ದು ಹೋದ ಮೇಲೆ ಏನೇನು ಮಾಡುತ್ತಾರೋ ಅಷ್ಟನ್ನೂ ಮಾಡಿದರು.

ಮುಂದಿನ ತಿಂಗಳೂ ಹಾಗೆಯೇ. ಅದರ ಮುಂದಿನ ತಿಂಗಳೂ.

ಕೇಳಿದರೆ ಸುಳ್ಳು ಹೇಳಬೇಕಾಗುತ್ತದೆಂದು ನಾನೂ ಬಾಯಿ ಬಿಡಲಿಲ್ಲ. ಈ ನಡುವೆ ಮೂರನೆಯ ಇಂಜೆಕ್ಷನ್ ಹಾಕಿಸಿಕೊಂಡು ಬಂದಿದ್ದೆ. ಮನೆಯಲ್ಲಿ ಎಲ್ಲವೂ ಸರಿಯಾಗಿತ್ತು. ಅತ್ತೆ ಮಗುವಿಗೆ ಎಣ್ಣೆ ಹಚ್ಚುತ್ತಿದ್ದರು, ನನಗೆ ಡಬ್ಬಿ ಕಟ್ಟಿಕೊಡುತ್ತಿದ್ದರು. ಆದರೆ ನಾನು ಸೊಂಟಕ್ಕೆ ಸೀರೆ ಸಿಗಿಸಿಕೊಂಡು ಕಸ ಗುಡಿಸುವಾಗ ಅವರ ದೃಷ್ಟಿ ನನ್ನ ಹೊಟ್ಟೆಯ ಮೇಲೆ ಬಂದು ನಿಲ್ಲುತ್ತಿತ್ತು. ಒಂದು ಬೆಳಿಗ್ಗೆ ಹೂ ಕಟ್ಟುತ್ತಾ ಕೂತಿದ್ದವರು ತಲೆಯೆತ್ತದೆ ಕೇಳಿದರು.

"ಏನಾದ್ರೂ ವಿಶೇಷ ಇದ್ಯಾ?"

"ಇಲ್ಲ ಅತ್ತೆ, ಅಂಥದ್ದೇನಿಲ್ಲ."

"ನಿಜವಾಗ್ಲೂ ಇಲ್ವಾ?"

"ನಿಜವಾಗ್ಲೂ ಇಲ್ಲ."

ಅವರು ಇನ್ನೆರಡು ಹೂ ಸೇರಿಸಿ ದಾರ ಎಳೆದರು. "ಹಾಗಾದ್ರೆ ಅದೆಲ್ಲಾ ಎಲ್ಲಿಗೆ ಹೋಗ್ತಿದೆ?" ಎಂದರು. ಸ್ವರ ಬಹಳ ತಗ್ಗಿತ್ತು, ನನ್ನನ್ನು ಕೇಳಿದಂತಿರಲಿಲ್ಲ. "ಒಳಗೇ ಸೇರ್ಕೋತಿದ್ಯಲ್ಲ."

ನಾನು ತ್ಯಾಗರಾಜನಗರದ ಒಂದು ಶಾಲೆಯಲ್ಲಿ ಎಂಟನೆಯ ತರಗತಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಹದಿಹರೆಯದ ಪಾಠವನ್ನು ಎಷ್ಟೋ ಸಲ ಮಾಡಿದ್ದೇನೆ. ಗರ್ಭಕೋಶದ ಚಿತ್ರವನ್ನು ಕಣ್ಣುಮುಚ್ಚಿ ಬೋರ್ಡಿನ ಮೇಲೆ ಬರೆಯಬಲ್ಲೆ. ಅತ್ತೆಯ ಮಾತು ಮೂಢನಂಬಿಕೆಯೆಂದು ತಳ್ಳಿಹಾಕುವಷ್ಟು ಓದಿದ್ದೆ. ಆದರೆ ಆ ಮಾತು ಬಿದ್ದ ಮೇಲೆ ನನ್ನ ಮೈ ನನ್ನ ಓದನ್ನು ಕೇಳುವುದನ್ನು ಬಿಟ್ಟಿತು. ಕಿಬ್ಬೊಟ್ಟೆಯಲ್ಲಿ ಭಾರ ಅನಿಸತೊಡಗಿತು. ಮೆಟ್ಟಿಲು ಇಳಿಯುವಾಗ ಒಳಗೆ ಏನೋ ತುಳುಕಿದ ಹಾಗೆ. ಲಂಗದ ಲಾಡಿ ಬಿಗಿಯಾಗಿತ್ತು. ಎರಡು ಕಿಲೋ ಹೆಚ್ಚಾಗಿದ್ದೆ, ಅದು ನನಗೆ ಕೊಬ್ಬೆಂದು ಅನಿಸಲೇ ಇಲ್ಲ, ತುಂಬಿಕೊಳ್ಳುತ್ತಿರುವುದೆಂದೇ ಅನಿಸಿತು. ಬಚ್ಚಲಿನ ನಲ್ಲಿ ತೊಟ್ಟಿಕ್ಕಿ ಬಕೆಟ್ಟು ತುಂಬುವ ಸದ್ದು ಕೇಳಿದರೆ ಎದ್ದುಹೋಗಿ ನಿಲ್ಲಿಸಿ ಬರುತ್ತಿದ್ದೆ.

ಒಂದು ದಿನ ತರಗತಿಯಲ್ಲಿ ಅದೇ ಚಿತ್ರ ಬರೆಯುತ್ತಿದ್ದೆ. ಎರಡು ಕಡೆಯ ನಾಳಗಳನ್ನು ಬರೆದು, ಗರ್ಭಕೋಶದ ಗೆರೆ ಎಳೆದು, ಒಳಗಿನ ಪದರಕ್ಕೆ ಕೆಂಪು ಸೀಮೆಸುಣ್ಣ ತೆಗೆದುಕೊಂಡೆ. ತುಂಬುತ್ತಾ ಹೋದೆ. ಹಿಂದಿನಿಂದ ಒಬ್ಬ ಹುಡುಗಿ, "ಮಿಸ್, ಗೆರೆ ದಾಟಿ ಹೊರಗೆ ಬಂದ್ಬಿಟ್ಟಿದೆ," ಎಂದಾಗ ನೋಡಿದರೆ ಅಂಗೈಯಗಲ ಕೆಂಪು ಬಳಿದಿದ್ದೆ. ಬೆರಳುಗಳೂ ಕೆಂಪಾಗಿದ್ದವು. ಒರೆಸಿ ಮತ್ತೆ ಬರೆದೆ. ಆ ಪೀರಿಯಡ್ಡಿನಲ್ಲಿ ಏನು ಪಾಠ ಮಾಡಿದೆನೋ ನೆನಪಿಲ್ಲ.

ಐದನೆಯ ತಿಂಗಳ ಸಂಕಷ್ಟಿಯ ಮಾರನೆಯ ದಿನ ಶಾಲೆಗೆ ರಜೆಯಿತ್ತು. ಗಂಡ ಕೆಲಸಕ್ಕೆ ಹೋಗಿದ್ದರು, ಮಗಳು ಮಲಗಿದ್ದಳು. ಮಧ್ಯಾಹ್ನ ಹನ್ನೆರಡರ ಬಿಸಿಲು. ಹಿತ್ತಲಿಗೆ ಹೋದರೆ ಚಾಪೆ, ತಟ್ಟೆ, ಲೋಟ. ಏಕೆ ಹಾಗೆ ಮಾಡಿದೆನೆಂದು ಈಗಲೂ ಸರಿಯಾಗಿ ಹೇಳಲಾರೆ. ಒಳಗೆ ಹೋಗಿ ಕೂತುಬಿಟ್ಟೆ. ಅತ್ತೆಗೆ ಸಮಾಧಾನವಾಗಲಿ ಎಂದಿರಬೇಕು. ಅಥವಾ ಅಲ್ಲಿ ಕೂತರೆ ಬಂದೀತು ಎಂಬ ಆಸೆಯೂ ಇತ್ತೇನೋ.

ಕೋಣೆ ತಣ್ಣಗಿತ್ತು. ಹಿಂದಿನ ಸಂದಿಯ ಕಡೆಗೆ ಒಂದು ಮೊಳದ ಕಿಟಕಿ. ಕೈಯಲ್ಲಿದ್ದ ಪುಸ್ತಕ ಓದಲು ಬೆಳಕು ಸಾಲದೆಂದು ಚಾಪೆ ಬಿಟ್ಟು ಕಿಟಕಿಯ ಕೆಳಗೆ ಸರಿದು ಗೋಡೆಗೆ ಒರಗಿದೆ. ಬೆನ್ನಿಗೆ ಏನೋ ತರಿತರಿಯಾಗಿ ತಾಗಿತು. ತಿರುಗಿ ಬೆರಳಾಡಿಸಿದೆ. ಕೂತವರ ಭುಜದ ಎತ್ತರಕ್ಕೆ ಗೋಡೆಯಲ್ಲಿ ಸಣ್ಣ ಸಣ್ಣ ಗೀರುಗಳಿದ್ದವು. ಹೇರ್‌ಪಿನ್ನಿನಿಂದಲೋ ಮೊಳೆಯಿಂದಲೋ ಆಳವಾಗಿ ಗೀಚಿದ್ದು. ಎಷ್ಟು ಸಲ ಸುಣ್ಣ ಬಳಿದರೂ ಮುಚ್ಚಿಹೋಗಿರಲಿಲ್ಲ. ನಾಲ್ಕು ಗೀರು, ಆಮೇಲೆ ಖಾಲಿ ಜಾಗ. ನಾಲ್ಕು ಗೀರು, ಮತ್ತೆ ಖಾಲಿ. ಐದು. ಆರು. ಒಂಬತ್ತು. ಹೋಗುತ್ತಾ ಹೋಗುತ್ತಾ ಖಾಲಿ ಜಾಗ ಚಿಕ್ಕದಾಗುತ್ತಿತ್ತು. ಕೊನೆಯ ಸಾಲಿನಲ್ಲಿ ಹತ್ತೊಂಬತ್ತನ್ನು ಎಣಿಸಿದೆ. ಕೊನೆಯ ಗೀರು ಅರ್ಧಕ್ಕೇ ನಿಂತಿತ್ತು.

ಯಾರೋ ದಿನ ಎಣಿಸಿದ್ದರು. ಆದರೆ ಮುಟ್ಟಿನ ದಿನಗಳನ್ನು ಯಾರು ಹೀಗೆ ಗೋಡೆಯ ಮೇಲೆ ಗೀಚಿಡುತ್ತಾರೆ?

ಬಾಗಿಲಲ್ಲಿ ನೆರಳು ಬಿತ್ತು. ಅತ್ತೆ ಅನ್ನದ ಪಾತ್ರೆ ಹಿಡಿದು ನಿಂತಿದ್ದರು. ಚಾಪೆ ನೋಡಿದರು, ನಾನು ಕೂತಿದ್ದ ಜಾಗ ನೋಡಿದರು. ಮುಖದ ಬಣ್ಣ ಇಳಿದುಹೋಯಿತು.

"ಅಲ್ಲಿ ಕೂತ್ಕೋಬೇಡ," ಎಂದರು. "ಅದು ಅವಳ ಜಾಗ."

"ಯಾರ ಜಾಗ ಅತ್ತೆ?"

ಪಾತ್ರೆಯನ್ನು ಹೊಸ್ತಿಲ ಮೇಲಿಟ್ಟು ಹೋದರು. ನಾನು ಎದ್ದು ಹೊರಗೆ ಬಂದೆ. ಬಿಸಿಲಲ್ಲಿ ನಿಂತರೂ ಬೆನ್ನು ಬೆಚ್ಚಗಾಗಲಿಲ್ಲ. ಸಂಜೆ ಗಂಡನನ್ನು ಕೇಳಿದೆ, ಈ ಮನೆಯಲ್ಲಿ ಇನ್ನೊಬ್ಬ ಹೆಣ್ಣುಮಗಳು ಇದ್ದಳಾ ಎಂದು. "ನಂಗೆ ಗೊತ್ತಿರೋ ಹಾಗೆ ಯಾರೂ ಇಲ್ಲಪ್ಪಾ. ಅಪ್ಪ ಒಬ್ಬನೇ ಮಗ," ಎಂದರು. ಅವರು ಸುಳ್ಳು ಹೇಳಲಿಲ್ಲ. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ನಾಲ್ಕನೆಯ ಇಂಜೆಕ್ಷನ್ನಿನ ತಾರೀಖು ಅದೇ ವಾರದಲ್ಲಿತ್ತು. ನಾನು ಹೋಗಲಿಲ್ಲ. ಆರೋಗ್ಯ ಕೇಂದ್ರದ ರಸ್ತೆಯವರೆಗೆ ಹೋಗಿ ತಿರುಗಿ ಬಂದೆ. ಒಳಗೆ ಸೇರುತ್ತಿರುವುದರ ಮೇಲೆ ಇನ್ನಷ್ಟು ಮುಚ್ಚಳ ಬಿಗಿಯುವುದು ಬೇಡ ಎನಿಸಿತು. ವಿಜ್ಞಾನದ ಟೀಚರಿಗೆ ಬರಬಾರದ ಯೋಚನೆ. ಆದರೂ ಬಂತು.

ತಾರೀಖು ದಾಟಿ ಹತ್ತು ದಿನಕ್ಕೆ ಆಶಾ ಕಾರ್ಯಕರ್ತೆ ಮನೆಗೇ ಬಂದರು. ಮಗುವಿನ ಚುಚ್ಚುಮದ್ದಿಗೆಂದು ಆಗಾಗ ಬರುತ್ತಿದ್ದ ಹೆಂಗಸು. ಬಾಗಿಲು ತೆರೆದದ್ದು ಅತ್ತೆ. ನಾನು ನಡುಮನೆಯಲ್ಲಿ ಮಗಳಿಗೆ ಅನ್ನ ಕಲಸುತ್ತಿದ್ದೆ.

"ಮೇಡಂ, ನಿಮ್ಮ ಇಂಜೆಕ್ಷನ್ ಡೇಟ್ ದಾಟ್ಹೋಯ್ತಲ್ಲ. ಸಿಸ್ಟರ್ ಕೇಳ್ತಿದ್ರು. ಇನ್ನೂ ಟೈಮಿದೆ, ನಾಳೆ ನಾಡಿದ್ದರಲ್ಲಿ ಬಂದ್ಬಿಡಿ," ಎಂದು ಬಾಗಿಲಿನಿಂದಲೇ ಹೇಳಿದರು.

ಅತ್ತೆ ತಿರುಗಿದರು. "ಯಾವ ಇಂಜೆಕ್ಷನ್?"

ಆಶಾ ಕಾರ್ಯಕರ್ತೆಗೆ ತಪ್ಪು ಅರಿವಾಯಿತು. ನನ್ನ ಮುಖ ನೋಡಿ, ಬರ್ತೀನಿ ಎಂದು ಹೊರಟುಹೋದರು. ನಾನು ಕಲಸಿದ ಅನ್ನವನ್ನು ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ಒಂಬತ್ತು ತಿಂಗಳಿನಿಂದ ಹಾಕಿಸಿಕೊಳ್ಳುತ್ತಿರುವುದು, ಮುಟ್ಟು ನಿಂತಿರುವುದು ಅದರಿಂದಲೇ ಎಂಬುದು, ಹೇಳದೆ ಮುಚ್ಚಿಟ್ಟದ್ದು. ಬೈಗುಳಕ್ಕೆ ಸಿದ್ಧಳಾಗಿ ಕೂತಿದ್ದೆ.

ಅತ್ತೆ ಕಂಬ ಹಿಡಿದು ನಿಧಾನಕ್ಕೆ ನೆಲಕ್ಕೆ ಕೂತರು. "ನೀನಾಗೇ ನಿಲ್ಲಿಸ್ಕೊಂಡ್ಯಾ? ಗೊತ್ತಿದ್ದೂ ಗೊತ್ತಿದ್ದೂ?"

"ಅದ್ರಿಂದ ಏನೂ ಆಗಲ್ವಂತೆ ಅತ್ತೆ."

"ಆಗುತ್ತೆ ಕಣೇ," ಎಂದರು. "ನಾನು ನೋಡಿದೀನಿ."

ಆಮೇಲೆ ಹೇಳಿದರು. ಇಷ್ಟು ವರ್ಷಗಳಲ್ಲಿ ಅವರು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಅವರು ಹತ್ತೊಂಬತ್ತರ ವಯಸ್ಸಿಗೆ ಸೊಸೆಯಾಗಿ ಬಂದಾಗ ಈ ಮನೆಯಲ್ಲಿ ನನ್ನ ಮಾವನ ತಂಗಿಯೊಬ್ಬಳಿದ್ದಳು. ಹದಿನೈದು ತುಂಬಿತ್ತು. ಇನ್ನೂ ದೊಡ್ಡವಳಾಗಿರಲಿಲ್ಲ. ಚುರುಕಿನ ಹುಡುಗಿ, ಅತ್ತೆಯ ಜಡೆ ಹಾಕುತ್ತಿದ್ದವಳು ಅವಳೇ. ತಿಂಗಳಿಗೊಮ್ಮೆ ನಾಲ್ಕು ದಿನ ಅವಳಿಗೆ ಹೊಟ್ಟೆನೋವು ಬರುತ್ತಿತ್ತು. ಹಿಂದಿನ ಕೋಣೆಗೆ ಹೋಗಿ ಕಿಟಕಿಯ ಕೆಳಗೆ ಮುದುಡಿಕೊಂಡು ಮಲಗಿಬಿಡುತ್ತಿದ್ದಳು. ರಕ್ತ ಮಾತ್ರ ಕಾಣಿಸಿಕೊಳ್ಳುತ್ತಿರಲಿಲ್ಲ. ಕಷಾಯ ಕೊಟ್ಟರು, ತಾಯಿತ ಕಟ್ಟಿದರು. ವರ್ಷ ಕಳೆಯುವಷ್ಟರಲ್ಲಿ ನೋವಿನ ದಿನಗಳು ಹೆಚ್ಚಾದವು, ಕಿಬ್ಬೊಟ್ಟೆ ಉಬ್ಬಿ ಗಟ್ಟಿಯಾಯಿತು. ಬೀದಿಯವರು ನೋಡತೊಡಗಿದರು. ಮನೆಯವರೂ ನೋಡಿದರು, ಅನುಮಾನಪಟ್ಟರು. ಯಾರೆಂದು ಹೇಳು ಎಂದು ಕೂಡಿಹಾಕಿ ಕೇಳಿದರು. ಅವಳಿಗೆ ಹೇಳಲು ಏನೂ ಇರಲಿಲ್ಲ. ಆಗ ಅವಳನ್ನು ಆ ಕೋಣೆಯಲ್ಲೇ ಇಟ್ಟುಬಿಟ್ಟರು.

"ಊಟ ತಗೊಂಡು ಹೋಗ್ತಿದ್ದವಳು ನಾನೇ," ಎಂದರು ಅತ್ತೆ. "ಅತ್ತಿಗೇ, ನಾನೇನೂ ಮಾಡಿಲ್ಲ ಅಂತ ದಿನಾ ಹೇಳೋಳು. ನಾನು ಹೂಂ ಅಂತಿದ್ದೆ, ತಟ್ಟೆ ಇಟ್ಟು ಬರ್ತಿದ್ದೆ. ಹೊಸ್ತಿಲು ದಾಟಿ ಒಳಗೆ ಹೋಗ್ಬಾರ್ದು ಅಂದಿದ್ರು. ಹೋಗ್ಲಿಲ್ಲ. ಕೊನೇಕೊನೇಗೆ ಉಚ್ಚೆ ಕಟ್ಟಿ, ಚಳಿಜ್ವರ ಬಂತು. ಆಗ ಆಸ್ಪತ್ರೆಗೆ ಹೊತ್ಕೊಂಡು ಹೋದ್ರು. ಅಲ್ಲಿ ಡಾಕ್ಟ್ರು ಬೈದ್ರಂತೆ, ಇದು ಬಸಿರಲ್ಲ, ಒಳಗೆಲ್ಲಾ ರಕ್ತ ಕಟ್ಕೊಂಡಿದೆ, ಕೀವಾಗಿದೆ, ಇಷ್ಟು ದಿನ ಏನ್ ಮಾಡ್ತಿದ್ರಿ ಅಂತ. ಎರಡನೇ ದಿನಕ್ಕೆ ಹೋಗ್ಬಿಟ್ಲು. ಮನೇಲಿ ಅವಳ ಹೆಸರು ಎತ್ಬಾರ್ದು ಅಂತಾಯ್ತು. ಒಂದು ಫೋಟೋನೂ ಉಳಿಸ್ಲಿಲ್ಲ."

ನನ್ನ ಮಗಳು ಅಜ್ಜಿಯ ಸೆರಗು ಹಿಡಿದು ಎಳೆಯುತ್ತಿದ್ದಳು. ಅತ್ತೆ ಗಮನಿಸಲಿಲ್ಲ.

"ನಿಂದು ನಿಂತಾಗ ನಂಗೆ ಗೊತ್ತಾಯ್ತು, ಮತ್ತೆ ಅದೇ ಅಂತ. ಚಾಪೆ ಹಾಸಿದ್ರೆ ಬರ್ಬಹುದೇನೋ ಅಂತ ಹಾಸ್ತಿದ್ದೆ. ಅಲ್ಲಿಗೆ ಕಾಲಿಟ್ಟಾಗೆಲ್ಲಾ ಕಿಟಕಿ ಕೆಳಗೆ ಯಾರೋ ಮುದುಡಿಕೊಂಡಿದ್ದ ಹಾಗಾಗೋದು. ನೀನು ಅಲ್ಲೇ ಕೂತಿದ್ಯಲ್ಲ ಆವತ್ತು, ಅವಳ ಹಾಗೇ ಕಂಡೆ."

ಗೋಡೆಯ ಗೀರುಗಳು ಏನೆಂದು ನಾನು ಕೇಳಬೇಕಾಗಲಿಲ್ಲ. ಅವು ನೋವಿನ ದಿನಗಳು.

ಮಾರನೆಯ ದಿನ ರಜೆ ಹಾಕಿದೆ. ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ನಾನೂ ಅತ್ತೆಯೂ ಆರೋಗ್ಯ ಕೇಂದ್ರಕ್ಕೆ ಹೋದೆವು. ಅಷ್ಟು ಹತ್ತಿರದ ದಾರಿಯಲ್ಲಿ ಅತ್ತೆ ನನ್ನ ಮೊಣಕೈ ಬಿಡಲಿಲ್ಲ. ಸಿಸ್ಟರ್ ಕಾರ್ಡು ನೋಡಿ, "ಹನ್ನೊಂದು ದಿನ ಲೇಟು, ಪರ್ವಾಗಿಲ್ಲ. ನಾಲ್ಕು ವಾರದೊಳಗೆ ಬಂದ್ರೆ ಕೊಡ್ಬಹುದು," ಎಂದರು. ಇಂಜೆಕ್ಷನ್ನಿಗಿಂತ ಮೊದಲು ಡಾಕ್ಟರನ್ನು ನೋಡಬೇಕೆಂದೆ.

ಡಾಕ್ಟರು ನನಗಿಂತ ಐದಾರು ವರ್ಷ ದೊಡ್ಡವರಿರಬೇಕು. ನಾನು ಹೇಳುವುದನ್ನು ಕೇಳಿದರು. ಆಮೇಲೆ ಅತ್ತೆಯ ಕಡೆ ತಿರುಗಿ, "ನೀವು ಹೇಳಿ ಅಮ್ಮ," ಎಂದರು. ಅತ್ತೆ ಆ ಹುಡುಗಿಯ ಕಥೆಯನ್ನು ಇನ್ನೊಮ್ಮೆ ಹೇಳಿದರು. ಹೊರಗೆ ಸರತಿಯಲ್ಲಿ ಹೆಂಗಸರು ಕಾಯುತ್ತಿದ್ದರು. ಡಾಕ್ಟರು ಅವಸರ ಮಾಡಲಿಲ್ಲ.

"ನೋಡ್ದೇ ಖಚಿತವಾಗಿ ಹೇಳೋಕಾಗಲ್ಲ," ಎಂದರು. "ಆದ್ರೆ ನೀವು ಹೇಳೋದು ಕೇಳಿದ್ರೆ, ಆ ಮಗೂಗೆ ಹುಟ್ಟಿನಿಂದ್ಲೇ ದಾರಿ ಮುಚ್ಚಿತ್ತು ಅನ್ಸುತ್ತೆ. ಕೆಲವು ಹೆಣ್ಣುಮಕ್ಕಳಿಗೆ ಅಲ್ಲೊಂದು ಪೊರೆ ಅಡ್ಡ ಇರುತ್ತೆ. ಅವಳು ದೊಡ್ಡವಳಾಗಿದ್ಲು ಅಮ್ಮ. ಪ್ರತಿ ತಿಂಗಳೂ ಆಗ್ತಿತ್ತು. ಹೊರಗೆ ಬರೋಕೆ ದಾರಿ ಇರ್ಲಿಲ್ಲ, ಅದಕ್ಕೇ ನೋವು, ಅದಕ್ಕೇ ಕಟ್ಕೊಂಡಿದ್ದು. ಸಮಯಕ್ಕೆ ತೋರಿಸಿದ್ರೆ ಒಂದು ಸಣ್ಣ ಆಪರೇಷನ್."

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

"ನಿಮ್ಮ ಸೊಸೆದು ಅದಲ್ಲ. ತಿಂಗಳು ತಿಂಗಳೂ ಗರ್ಭಕೋಶದ ಒಳಗೆ ಒಂದು ಪದರ ದಪ್ಪಗೆ ಬೆಳೆಯುತ್ತೆ. ಗರ್ಭ ನಿಲ್ಲದಿದ್ರೆ ಆ ಪದರ ಕಳಚಿ ರಕ್ತದ ಜೊತೆ ಬೀಳುತ್ತೆ. ಅದೇ ಮುಟ್ಟು. ಈ ಔಷಧಿ ಮೈಯಲ್ಲಿರೋವರೆಗೆ ಅಂಡ ಬಿಡುಗಡೆ ಆಗಲ್ಲ, ಆ ಪದರಾನೂ ತೆಳ್ಳಗೇ ಇರುತ್ತೆ. ಬೆಳೆದೇ ಇಲ್ಲ ಅಂದ್ಮೇಲೆ ಬೀಳೋದೇನು? ಅಲ್ಲಿ ರಕ್ತ ಇತ್ತು, ದಾರಿ ಇರ್ಲಿಲ್ಲ. ಇಲ್ಲಿ ದಾರಿ ಇದೆ, ರಕ್ತ ಬರೋ ಕೆಲಸವೇ ನಡೀತಿಲ್ಲ."

"ಕೆಟ್ಟ ರಕ್ತ ಹೋಗ್ಬೇಕಲ್ವಾ?" ಎಂದು ಅತ್ತೆ ಕೇಳಿದರು.

"ಅದು ಕೆಟ್ಟ ರಕ್ತ ಅಲ್ಲಮ್ಮ. ಮೈಯಲ್ಲಿ ಓಡಾಡೋ ಅದೇ ರಕ್ತ. ಒಳಗೆ ಉಳಿದು ವಿಷ ಆಗೋಕೆ ಅಲ್ಲೇನೂ ಇಲ್ಲ. ಎಷ್ಟೋ ಜನಕ್ಕೆ ವರ್ಷ ತುಂಬೋ ಹೊತ್ತಿಗೆ ಇದೇ ಥರ ನಿಲ್ಲುತ್ತೆ. ಇದು ಕಾಯಿಲೆ ಅಲ್ಲ. ಆದ್ರೆ ನೀವು ಹೆದರಿದ್ದು ತಪ್ಪಲ್ಲ. ಇಂಜೆಕ್ಷನ್ ತಗೊಳ್ಳದೇ ಇರೋರಿಗೆ ಸುಮ್ಸುಮ್ನೆ ನಿಂತ್ರೆ ಬಂದು ತೋರಿಸ್ಲೇಬೇಕು."

ಮೂತ್ರದ ಪರೀಕ್ಷೆ ಮಾಡಿಸಿದರು. ಒಂದೇ ಗೆರೆ, ಗರ್ಭವಿರಲಿಲ್ಲ. ಆಮೇಲೆ ಪರದೆಯ ಹಿಂದಿನ ಮಂಚದ ಮೇಲೆ ನನ್ನನ್ನು ಮಲಗಿಸಿ ಹೊಟ್ಟೆ ಒತ್ತಿ ನೋಡಿದರು. "ಮೆತ್ತಗಿದೆ, ಗಟ್ಟಿ ಏನೂ ಸಿಗ್ತಿಲ್ಲ," ಎಂದವರು ಪರದೆ ಸರಿಸಿ ಅತ್ತೆಯನ್ನು ಕರೆದರು. "ಬನ್ನಿ, ನೀವೇ ಮುಟ್ಟಿ ನೋಡಿ."

ಅತ್ತೆ ಪರದೆಯ ಅಂಚಿಗೆ ಬಂದು ನಿಂತರು. ಮುಂದೆ ಬರಲಿಲ್ಲ. ಅವರು ಯಾವ ಹೊಸ್ತಿಲಲ್ಲಿ ನಿಂತಿದ್ದಾರೆಂದು ನನಗೆ ಗೊತ್ತಿತ್ತು. ನಾನೇ ಕೈ ಚಾಚಿ, "ಬನ್ನಿ ಅತ್ತೆ," ಎಂದೆ. ಬಂದರು. ಅವರ ಅಂಗೈ ಮಂಜುಗಡ್ಡೆಯಷ್ಟು ತಣ್ಣಗಿತ್ತು. ಡಾಕ್ಟರು ಆ ಕೈಯನ್ನು ನನ್ನ ಹೊಕ್ಕುಳಿನ ಕೆಳಗಿಟ್ಟು, ಎಲ್ಲಿ ಎಷ್ಟು ಒತ್ತಬೇಕೆಂದು ತೋರಿಸಿದರು. ಅತ್ತೆ ಒತ್ತಿದರು. ಇನ್ನೊಂದು ಕಡೆ ಒತ್ತಿದರು. ಕಣ್ಣು ಮುಚ್ಚಿಕೊಂಡಿದ್ದರು. ತುಂಬಾ ಹೊತ್ತು ಕೈ ತೆಗೆಯಲಿಲ್ಲ. ಅವರು ಮುಟ್ಟುತ್ತಿದ್ದದ್ದು ನನ್ನನ್ನಲ್ಲ ಎಂದು ಒಂದು ಕ್ಷಣ ನನಗೆ ಅನಿಸಿತು.

"ಏನೂ ಇಲ್ಲ," ಎಂದು ಕೊನೆಗೆ ಅತ್ತೆ ಹೇಳಿದರು.

ಡಾಕ್ಟರು ಉಳಿದದ್ದನ್ನೂ ಮುಚ್ಚಿಡದೆ ಹೇಳಿದರು. ತೂಕ ಸ್ವಲ್ಪ ಏರಬಹುದು. ಮೂಳೆಯ ಗಟ್ಟಿತನ ತುಸು ಕಡಿಮೆಯಾಗುತ್ತದೆ, ಇಂಜೆಕ್ಷನ್ ಬಿಟ್ಟ ಮೇಲೆ ಮರಳಿ ಬರುತ್ತದೆ. ಬಿಟ್ಟ ತಕ್ಷಣ ಮುಟ್ಟಾಗಲಿ ಬಸಿರಾಗಲಿ ಬರುವುದಿಲ್ಲ, ಕೊನೆಯ ಇಂಜೆಕ್ಷನ್ನಿನಿಂದ ಎಂಟು ಹತ್ತು ತಿಂಗಳಾದರೂ ಹಿಡಿಯಬಹುದು. ವಿಪರೀತ ರಕ್ತ ಹೋದರೆ, ಹೊಟ್ಟೆಯಲ್ಲಿ ಜೋರು ನೋವು ಬಂದರೆ, ತಡೆಯಲಾರದ ತಲೆನೋವು ಬಂದರೆ ತಾರೀಖಿಗೆ ಕಾಯದೆ ಬರಬೇಕು. "ಮುಂದುವರಿಸೋದು ಬಿಡೋದು ನಿಮ್ಮಿಷ್ಟ," ಎಂದು ನನಗೆ ಹೇಳಿದರು. ನಾನು ಅತ್ತೆಯ ಮುಖ ನೋಡಲಿಲ್ಲ. ಹಾಕಿಸಿಕೊಳ್ಳುತ್ತೇನೆಂದೆ. ಸಿಸ್ಟರ್ ತೋಳಿಗೆ ಚುಚ್ಚಿದಾಗ ಅತ್ತೆ ಪಕ್ಕದಲ್ಲೇ ನಿಂತು, "ಉಜ್ಬೇಡ್ವಂತೆ," ಎಂದು ನನ್ನ ಕೈ ಹಿಡಿದುಕೊಂಡರು.

ಹೊಟ್ಟೆಯ ಭಾರ ಒಂದು ವಾರದೊಳಗೆ ಹೋಯಿತು. ಯಾವ ಔಷಧಿಯಿಂದಲೂ ಅಲ್ಲ.

ಮುಂದಿನ ಸಂಕಷ್ಟಿ ಕಳೆಯಿತು. ಶಾಲೆಯಿಂದ ಬಂದಾಗ ಹಿಂದಿನ ಕೋಣೆಯ ಬಾಗಿಲು ತೆರೆದೇ ಇತ್ತು, ಚಾಪೆ ಇರಲಿಲ್ಲ. ಒಗೆಯುವ ಕಲ್ಲಿನ ಹತ್ತಿರ ಹೋದೆ. ಒಳಗಿನಿಂದ ಅತ್ತೆಯ ದನಿ ಕೇಳಿತು. ಕಿಟಕಿಯ ಕೆಳಗೆ, ಗೋಡೆಗೆ ಮುಖ ಮಾಡಿ, ಬರಿ ನೆಲದ ಮೇಲೆ ಕೂತಿದ್ದರು.

"ಒಂದು ಪೊರೆ ಅಂತೆ ಕಣೇ," ಎನ್ನುತ್ತಿದ್ದರು. "ಹುಟ್ಟಿನಿಂದ್ಲೇ ಇತ್ತಂತೆ. ನೀನು ದೊಡ್ಡವಳಾಗಿದ್ಯಂತೆ. ನಮಗ್ಯಾರಿಗೂ ಗೊತ್ತಾಗ್ಲಿಲ್ಲ."

ಆಮೇಲೆ ಸುಮ್ಮನಾದರು. ಎದುರಿಗಿರುವವರು ಮಾತಾಡುವಾಗ ನಾವು ಕಾಯುತ್ತೇವಲ್ಲ, ಅಷ್ಟು ಹೊತ್ತು. ನಡುವೆ ಎರಡು ಸಲ ತಲೆಯಾಡಿಸಿದರು. "ಹೂಂ," ಎಂದರು. ಇನ್ನಷ್ಟು ಹೊತ್ತು ಬಿಟ್ಟು, "ಹೌದು, ನಾನು ಒಳಗೆ ಬರ್ಬೇಕಾಗಿತ್ತು," ಎಂದರು.

ನಾನು ಕಾಲ ಸಪ್ಪಳ ಮಾಡದೆ ಅಡುಗೆಮನೆಗೆ ಹಿಂದಿರುಗಿದೆ. ಆ ವಿಷಯವನ್ನು ನಾನು ಅವರ ಹತ್ತಿರವಾಗಲಿ ಗಂಡನ ಹತ್ತಿರವಾಗಲಿ ಎತ್ತಿಲ್ಲ. ದುಃಖವಿರುವವರು ಹಾಗೆ ಮಾತಾಡಿಕೊಳ್ಳುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಅವರು ಮಾತಿನ ನಡುವೆ ಬಿಟ್ಟ ಆ ಜಾಗಗಳಲ್ಲಿ ಏನು ಕೇಳಿಸಿಕೊಳ್ಳುತ್ತಿದ್ದರು ಎಂಬುದಕ್ಕೆ ಮಾತ್ರ ನನ್ನಲ್ಲಿ ಉತ್ತರವಿಲ್ಲ.

ಇದಾದ ಮೇಲೆ ಅತ್ತೆಗೆ ಒಂದು ಹೊಸ ಅಭ್ಯಾಸ ಹತ್ತಿತು. ಪರಿಚಯದವರ ಮನೆಯಲ್ಲಿ ಹದಿನಾಲ್ಕು ಹದಿನೈದರ ಹುಡುಗಿಯರಿದ್ದರೆ, ದೊಡ್ಡವಳಾದಳಾ, ಹೊಟ್ಟೆನೋವು ಬರುತ್ತಾ ಎಂದು ತಾಯಂದಿರನ್ನು ನೇರವಾಗಿ ಕೇಳಿಬಿಡುತ್ತಿದ್ದರು. ಕೆಲವರು ಮುಖ ಸಿಂಡರಿಸಿಕೊಂಡರು. ಎದುರುಮನೆಯ ಹುಡುಗಿಯನ್ನು ಹಠ ಹಿಡಿದು ಅವಳ ತಾಯಿಯ ಜೊತೆ ತಾವೇ ಡಾಕ್ಟರ ಹತ್ತಿರ ಕರೆದೊಯ್ದರು. ಅವಳಿಗೆ ಏನೂ ಇರಲಿಲ್ಲ, ಸ್ವಲ್ಪ ತಡವಷ್ಟೇ. ಅತ್ತೆಗೆ ನಾಚಿಕೆಯೇನೂ ಆಗಲಿಲ್ಲ. "ಇಲ್ಲ ಅಂತ ಗೊತ್ತಾಯ್ತಲ್ಲ," ಎಂದರು.

ನಾನು ಒಟ್ಟು ಎರಡು ವರ್ಷ ಆ ಇಂಜೆಕ್ಷನ್ ಹಾಕಿಸಿಕೊಂಡೆ. ಎರಡನೆಯ ಮಗು ಬೇಕೆನಿಸಿದಾಗ ನಿಲ್ಲಿಸಿದೆ. ಡಾಕ್ಟರು ಎಚ್ಚರಿಸಿದ್ದಂತೆ ಮುಟ್ಟು ತಕ್ಷಣ ಮರಳಲಿಲ್ಲ. ಕೊನೆಯ ಇಂಜೆಕ್ಷನ್ನಿನಿಂದ ಒಂಬತ್ತು ತಿಂಗಳಾದ ಮೇಲೆ ಒಂದು ಮಂಗಳವಾರ, ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಿರುವಾಗ ಬಂತು. ಪಕ್ಕದ ಟೀಚರ ಹತ್ತಿರ ಪ್ಯಾಡ್ ಇಸಕೊಂಡೆ. ಸಂಜೆ ಮನೆಗೆ ಬಂದು ಬಾಗಿಲಲ್ಲೇ ಅತ್ತೆಗೆ ಹೇಳಿದೆ. ಸೊಪ್ಪು ಬಿಡಿಸುತ್ತಿದ್ದವರು ತಲೆಯೆತ್ತಿದರು.

"ನೋವಿದ್ಯಾ?"

"ಸ್ವಲ್ಪ."

"ಹೊರಗೆ ಚೆನ್ನಾಗಿ ಹೋಗ್ತಿದ್ಯಾ?"

"ಹೋಗ್ತಿದೆ ಅತ್ತೆ."

"ಸರಿ. ದೇವರ ಮನೆ ಕಡೆ ಬರ್ಬೇಡ," ಎಂದರು. ಆಮೇಲೆ ಸ್ವಲ್ಪ ಸರಿದು, ತಮ್ಮ ಪಕ್ಕದಲ್ಲಿ ಗೋಡೆಗೊರಗಿ ಕೂರಲು ನನಗೆ ಜಾಗ ಮಾಡಿಕೊಟ್ಟು, ಸೊಪ್ಪಿನ ಮೊರವನ್ನು ಇಬ್ಬರ ನಡುವೆ ಎಳೆದರು.